ಮನೆ ಬೇಕರಿಗೆ ಲೋಗೋ ಮಾಡಿಸುತ್ತಿದ್ದೀರಾ? ನನಗಾದದ್ದು ಓದಿ, ಆಮೇಲೆ ದುಡ್ಡು ಕೊಡಿ

ಬನಶಂಕರಿಯ ನಮ್ಮ ಮನೆಯಲ್ಲಿ ಅಮ್ಮ ಮತ್ತು ನಾನು ಕೇಕು, ಬಿಸ್ಕತ್ತು, ಬನ್ನು ಮಾಡಿ ಮಾರುತ್ತೇವೆ. ಮೊದಲ ವರ್ಷ ಸಾದಾ ಡಬ್ಬಿಯಲ್ಲೇ ಕೊಡುತ್ತಿದ್ದೆವು. ಕ್ರಿಸ್‌ಮಸ್ ಆರ್ಡರ್‌ಗಳು ಜಾಸ್ತಿಯಾದಾಗ ನಮ್ಮದೇ ಒಂದು ಗುರುತು ಬೇಕು ಅನ್ನಿಸಿತು. ದೊಡ್ಡದೇನೂ ಅಲ್ಲ. ಅಮ್ಮನ ಹೆಸರಿನ ಮೊದಲ ಅಕ್ಷರ ಗ, ನನ್ನ ಹೆಸರಿನ ಮೊದಲ ಅಕ್ಷರ ರ. ಎರಡನ್ನೂ ಸೇರಿಸಿದ ಒಂದು ಸರಳ ಲೋಗೋ, ಅಷ್ಟೇ. ಅದಕ್ಕಾಗಿ ಒಟ್ಟು 15,800 ರೂಪಾಯಿ ಹೋಯಿತು: ಲೋಗೋಗೆ 4,000, ಸಾವಿರ ಸ್ಟಿಕ್ಕರ್‌ಗೆ 2,200, ಮುನ್ನೂರು ಡಬ್ಬಿಗೆ 9,600. ಅದರಲ್ಲಿ ಮುಕ್ಕಾಲು ಪಾಲು ಬಳಸಲು ಆಗಲೇ ಇಲ್ಲ. ನಿಮಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ.

ಪರಿಚಯದವರ ಮೂಲಕ ಸಿಕ್ಕ ಒಬ್ಬ ಡಿಸೈನರ್ ಮೂರೇ ದಿನದಲ್ಲಿ ವಾಟ್ಸಾಪ್‌ನಲ್ಲಿ ಚಿತ್ರ ಕಳಿಸಿದರು. ಫೋನಿನಲ್ಲಿ ನೋಡಿ ಅಮ್ಮನಿಗೆ ಕಣ್ಣು ತುಂಬಿ ಬಂತು. ಗ ಅಕ್ಷರದ ಕಮಾನಿನ ಒಳಗೆ ರ ಕೂತಿತ್ತು, ತಾಯಿಯ ಮಡಿಲಲ್ಲಿ ಮಗು ಕೂತ ಹಾಗೆ. ಸುತ್ತ ಗೋಧಿ ತೆನೆ. ಎಲ್ಲವೂ ತೆಳುವಾದ ಚಿನ್ನದ ಗೆರೆಗಳಲ್ಲಿ, ಒಂದು ಕಡೆ ಗಾಢ, ಇನ್ನೊಂದು ಕಡೆ ಹೊಳಪು. ನಾನು ಕೇಳಿದ್ದು ಒಂದೇ ಬಣ್ಣ. ಆದರೆ ಅಷ್ಟು ಚಂದ ಕಂಡಿತಲ್ಲ, ಸುಮ್ನೆ ಒಪ್ಪಿಬಿಟ್ಟೆ. ಅಲ್ಲೇ ಮೊದಲ ತಪ್ಪು ಆಯಿತು.

ಮೊದಲು ಸ್ಟಿಕ್ಕರ್ ಬಂತು, ನಾಲ್ಕು ಸೆಂಟಿಮೀಟರ್ ಅಗಲದ ದುಂಡು ಸ್ಟಿಕ್ಕರ್. ಚಿನ್ನದ ಬಣ್ಣ ಸಾಸಿವೆ ಬಣ್ಣವಾಗಿತ್ತು. ಪರದೆಯ ಮೇಲೆ ಚಿನ್ನ ಹೊಳೆಯುವ ಹಾಗೆ ಕಾಣುವುದು ಬೆಳಕು ಮತ್ತು ನೆರಳಿನ ಆಟದಿಂದ. ಕಾಗದದ ಮೇಲೆ ಸಾಮಾನ್ಯ ಶಾಯಿಯಲ್ಲಿ ಆ ಹೊಳಪು ಬರುವುದಿಲ್ಲ, ಮಂಕು ಹಳದಿ ಮಾತ್ರ ಉಳಿಯುತ್ತದೆ. ಅದನ್ನಾದರೂ ಸಹಿಸಬಹುದಿತ್ತು. ಗ ಮತ್ತು ರ ನಡುವಿನ ಸಂದು ಮುಚ್ಚಿಹೋಗಿತ್ತು. ಪಕ್ಕದ ಬೀದಿಯ ಆಂಟಿ ಡಬ್ಬಿ ತಿರುಗಿಸಿ ನೋಡಿ, "ಇದೇನಮ್ಮಾ, ಬೆಳ್ಳುಳ್ಳಿ ಚಿತ್ರ ಹಾಕಿದ್ದೀರಾ?" ಅಂತ ಕೇಳಿದರು. ಅವರು ಮುಗ್ಧವಾಗಿ ಕೇಳಿದ್ದು. ಅಮ್ಮ ಏನೂ ಹೇಳದೆ ಒಳಗೆ ಹೋದರು.

ಯಾಕೆ ಮುಚ್ಚಿತು ಅನ್ನುವುದು ನನಗೆ ಆಮೇಲೆ ಅರ್ಥವಾಯಿತು. ಲೆಕ್ಕ ಸುಲಭ. ನಮಗೆ ಬಂದ ಚಿತ್ರ 800 ಪಿಕ್ಸೆಲ್ ಎತ್ತರ. ಅದರಲ್ಲಿ ಎರಡು ಅಕ್ಷರಗಳ ನಡುವಿನ ಸಂದು 6 ಪಿಕ್ಸೆಲ್. ಅದನ್ನು 40 ಮಿಲಿಮೀಟರ್‌ಗೆ ಇಳಿಸಿದರೆ ಸಂದು 0.3 ಮಿಲಿಮೀಟರ್ ಆಗುತ್ತದೆ. ಕಾಗದಕ್ಕೆ ಬಿದ್ದ ಶಾಯಿ ಅಂಚಿನಲ್ಲಿ ಸ್ವಲ್ಪ ಹರಡಿಯೇ ಹರಡುತ್ತದೆ. ಅಷ್ಟು ಸಣ್ಣ ಸಂದು ಉಳಿಯುವುದು ಹೇಗೆ? ಫೋನಿನಲ್ಲಿ ನಾವು ಲೋಗೋವನ್ನು ಪರದೆ ತುಂಬ ಹಿಗ್ಗಿಸಿ ನೋಡುತ್ತೇವೆ. ಗಿರಾಕಿ ನೋಡುವುದು ಉಗುರಿನಷ್ಟು ದೊಡ್ಡದನ್ನು.

ಡಬ್ಬಿಯದು ಇನ್ನೂ ಬೇಸರದ ಕಥೆ. ಸುಲ್ತಾನ್‌ಪೇಟೆಯ ಒಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಫೈಲ್ ಒಯ್ದೆ. ಅಲ್ಲಿನವರು ಪರದೆ ನೋಡುತ್ತಲೇ, "ಮೇಡಂ, ಇದು ಜೆಪೆಗ್. ಕೋರೆಲ್ ಫೈಲೋ ವೆಕ್ಟರ್ ಪಿಡಿಎಫ್ಫೋ ತನ್ನಿ. ಈ ಶೇಡಿಂಗ್ ಒಂದು ಕಲರ್‌ನಲ್ಲಿ ಬರಲ್ಲ" ಅಂದರು. ಜೆಪೆಗ್ ಅಂದರೆ ಚುಕ್ಕಿಗಳಿಂದ ಆದ ಚಿತ್ರ, ಹಿಗ್ಗಿಸಿದರೆ ಅಂಚು ಒಡೆಯುತ್ತದೆ. ವೆಕ್ಟರ್ ಅಂದರೆ ಗೆರೆಗಳ ಲೆಕ್ಕವಾಗಿ ಇಟ್ಟ ಚಿತ್ರ, ಎಷ್ಟು ಹಿಗ್ಗಿಸಿದರೂ ಅಂಚು ನುಣುಪಾಗಿಯೇ ಇರುತ್ತದೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಒಂದು ಬೇರೆ ಜಾಲರಿ ಬೇಕು. ಜಾಲರಿಯ ತೂತಿನಿಂದ ಶಾಯಿ ಇಳಿಯುತ್ತದೆ, ಇಲ್ಲವೇ ಇಳಿಯುವುದಿಲ್ಲ. ಅರ್ಧ ಇಳಿಯುವುದು ಅಂತ ಇಲ್ಲ. ಬಣ್ಣ ಮೆಲ್ಲಗೆ ತೆಳುವಾಗುತ್ತಾ ಹೋಗಬೇಕಾದರೆ ಅದನ್ನು ಚುಕ್ಕಿಚುಕ್ಕಿಯಾಗಿ ಒಡೆಯಬೇಕು. ಒರಟು ಡಬ್ಬಿಯ ಮೇಲೆ ಆ ಚುಕ್ಕಿಗಳು ಕೊಳೆಯ ಹಾಗೆ ಕಾಣುತ್ತವೆ.

ಡಿಸೈನರ್‌ಗೆ ಫೋನ್ ಮಾಡಿ ಪಿಡಿಎಫ್ ಕೇಳಿದೆ. ಐದೇ ನಿಮಿಷದಲ್ಲಿ ಕಳಿಸಿದರು. ಮೋಸ ಹೋದದ್ದು ಇಲ್ಲೇ, ದಯವಿಟ್ಟು ಗಮನಿಸಿ. ಅದೇ ಜೆಪೆಗ್ ಚಿತ್ರವನ್ನು ಪಿಡಿಎಫ್ ಪುಟದೊಳಗೆ ಅಂಟಿಸಿ ಕೊಟ್ಟಿದ್ದರು. ಹೆಸರು ಮಾತ್ರ ಪಿಡಿಎಫ್, ಒಳಗಿರುವುದು ಅದೇ 800 ಪಿಕ್ಸೆಲ್. ಕ್ರಿಸ್‌ಮಸ್‌ಗೆ ಎರಡೇ ವಾರ ಇತ್ತು. ಅಂಗಡಿಯವರು "ಇದರಲ್ಲೇ ಹಾಕಿ ಅಂದ್ರೆ ಹಾಕ್ತೀನಿ, ಆಮೇಲೆ ನನ್ನ ಕೇಳಬೇಡಿ" ಅಂತ ನೇರವಾಗಿ ಹೇಳಿದ್ದರು. ನಾನು ಹಾಕಿ ಅಂದೆ. ಡಬ್ಬಿಯ ಮೇಲೆ ಲೋಗೋ 15 ಸೆಂಟಿಮೀಟರ್, ಅಂದರೆ ಸುಮಾರು ಆರು ಇಂಚು. 800 ಪಿಕ್ಸೆಲ್ ಅನ್ನು ಆರು ಇಂಚಿಗೆ ಹಿಗ್ಗಿಸಿದರೆ ಇಂಚಿಗೆ ಸುಮಾರು 133 ಪಿಕ್ಸೆಲ್ ಸಿಗುತ್ತದೆ. ಒಳ್ಳೆಯ ಮುದ್ರಣಕ್ಕೆ ಸಾಮಾನ್ಯವಾಗಿ 300 ಕೇಳುತ್ತಾರೆ. ಅಕ್ಷರದ ಅಂಚೆಲ್ಲ ಗರಗಸದ ಹಲ್ಲಿನ ಹಾಗೆ ಬಂತು. ಮೇಲಾಗಿ ಕಂದು ಡಬ್ಬಿಯ ಮೇಲೆ ಹಳದಿ ಶಾಯಿ. ಎರಡು ಅಡಿ ದೂರದಿಂದ ಏನೂ ಕಾಣುತ್ತಿರಲಿಲ್ಲ.

ಈ ಮೋಸ ಪತ್ತೆ ಮಾಡಲು ಅರ್ಧ ನಿಮಿಷ ಸಾಕು. ಪಿಡಿಎಫ್ ತೆರೆದು 1600 ಪರ್ಸೆಂಟ್‌ವರೆಗೆ ಹಿಗ್ಗಿಸಿ. ಅಕ್ಷರದ ಅಂಚು ಚಾಕುವಿನಿಂದ ಕತ್ತರಿಸಿದ ಹಾಗೆ ನುಣುಪಾಗಿಯೇ ಇದ್ದರೆ ಅದು ನಿಜವಾದ ವೆಕ್ಟರ್. ಸಣ್ಣ ಸಣ್ಣ ಚೌಕಗಳು ಕಂಡರೆ, ಅಂಚು ಮಸುಕಾದರೆ, ಒಳಗಿರುವುದು ಬರೀ ಚಿತ್ರ. ಬಾಕಿ ದುಡ್ಡು ಕೊಡುವ ಮುಂಚೆಯೇ ಇದನ್ನು ಮಾಡಿ. ನಾನು ಪೂರ್ತಿ ಕೊಟ್ಟ ಮೇಲೆ ಕೇಳಿದ್ದರಿಂದ ಎರಡನೇ ಸಲ ಅವರು ಫೋನೇ ಎತ್ತಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅಕ್ಕನ ಮಗಳು ಮತ್ತು ನಾನು ಕೂತು ಹೊಸದಾಗಿ ಮಾಡಿದೆವು. ಇಂಕ್‌ಸ್ಕೇಪ್ ಅನ್ನುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದು ವೆಕ್ಟರ್‌ನಲ್ಲೇ ಕೆಲಸ ಮಾಡುತ್ತದೆ. ಬಾಲೂ ತಮ್ಮ 2 ಅನ್ನುವ ದಪ್ಪ, ದುಂಡನೆಯ ಕನ್ನಡ ಫಾಂಟ್ ಗೂಗಲ್ ಫಾಂಟ್ಸ್‌ನಲ್ಲಿದೆ. ಅದರ ಪರವಾನಗಿ ಮುಕ್ತ, ವ್ಯಾಪಾರದ ಲೋಗೋಗೂ ಬಳಸಬಹುದು. ಅದರ ಗ ಮತ್ತು ರ ತೆಗೆದುಕೊಂಡು `Path > Object to Path` ಒತ್ತಿದೆವು. ಹಾಗೆ ಮಾಡಿದರೆ ಅಕ್ಷರ ಬರೀ ಆಕಾರವಾಗುತ್ತದೆ. ಪ್ರಿಂಟಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಅದು ಬದಲಾಗುವುದಿಲ್ಲ. ಕನ್ನಡದಲ್ಲಿ ಇದು ಇನ್ನೂ ಮುಖ್ಯ. ಅಂಗಡಿಯ ಹಳೆಯ ತಂತ್ರಾಂಶದಲ್ಲಿ ಒತ್ತು, ಕೊಂಬು ಎಲ್ಲೆಲ್ಲೋ ಹೋಗಿ ಕೂರುವುದನ್ನು ಮದುವೆ ಕಾರ್ಡುಗಳಲ್ಲಿ ನೀವೂ ನೋಡಿರುತ್ತೀರಿ, ಅಲ್ವಾ?

ಈ ಸಲ ಮೊದಲು ಕೇಳಿಕೊಂಡದ್ದು, ಲೋಗೋ ಅತಿ ಸಣ್ಣದಾಗಿ ಎಲ್ಲಿ ಬರುತ್ತದೆ ಅಂತ. ಬಿಸ್ಕತ್ತಿನ ಪೊಟ್ಟಣಕ್ಕೆ ದಾರದಲ್ಲಿ ಕಟ್ಟುವ ಚೀಟಿಯ ಮೇಲೆ, 12 ಮಿಲಿಮೀಟರ್ ಎತ್ತರ. ಅರ್ಧ ಮಿಲಿಮೀಟರ್‌ಗಿಂತ ಸಣ್ಣ ಗೆರೆ, ಸಣ್ಣ ಸಂದು ನಿಲ್ಲುವುದು ಕಷ್ಟ ಅಂತ ಸುಲ್ತಾನ್‌ಪೇಟೆಯವರು ಹೇಳಿದ್ದರು. ಹಾಗಾಗಿ ಗೆರೆಯ ದಪ್ಪ ಒಟ್ಟು ಎತ್ತರದ ಹತ್ತರಲ್ಲಿ ಒಂದು ಪಾಲು, ಸಂದು ಹದಿನೈದರಲ್ಲಿ ಒಂದು ಪಾಲು ಅಂತ ಇಟ್ಟೆವು. 12 ಮಿಲಿಮೀಟರ್‌ನಲ್ಲಿ ಗೆರೆ 1.2, ಸಂದು 0.8. ಎರಡೂ ಉಳಿಯುತ್ತವೆ. ಗೋಧಿ ತೆನೆಗೆ ಅಲ್ಲಿ ಜಾಗವೇ ಇಲ್ಲ, ತೆಗೆದೆವು. ಒಂದರೊಳಗೆ ಒಂದು ಕೂರಿಸುವುದನ್ನೂ ಬಿಟ್ಟೆವು. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ಎರಡಕ್ಕೂ ಸೇರಿ ಒಂದೇ ಉದ್ದ ತಲೆಕಟ್ಟು ಎಳೆದೆವು. ಮಡಿಲು ಹೋಯಿತಲ್ಲ ಅಂತ ಅಮ್ಮನಿಗೆ ಮೊದಲು ಬೇಜಾರಾಯಿತು. ಒಂದೇ ಸೂರಿನ ಕೆಳಗೆ ಇಬ್ಬರು ಅಂತ ತೋರಿಸಿದ ಮೇಲೆ ಒಪ್ಪಿದರು.

ಸಮತೋಲ ಬರಲು ಮಾತ್ರ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಅಳತೆಪಟ್ಟಿ ಸರಿ ಅಂದದ್ದು ಕಣ್ಣಿಗೆ ಸರಿ ಕಾಣುವುದಿಲ್ಲ. ಗ ಕೆಳಗೆ ತೆರೆದ ಕಮಾನು, ನಾವು ಅದರ ಕಾಲುಗಳನ್ನು ಚಪ್ಪಟೆ ಮಾಡಿದ್ದೆವು. ರ ತಳ ದುಂಡಗೆ. ಎರಡಕ್ಕೂ ಒಂದೇ ಎತ್ತರ ಕೊಟ್ಟರೆ ರ ಗಿಡ್ಡವಾಗಿ, ಮೇಲೆ ತೇಲಿದ ಹಾಗೆ ಕಾಣುತ್ತದೆ. ದುಂಡು ಆಕಾರ ನೆಲಕ್ಕೆ ತಾಗುವುದು ಒಂದೇ ಬಿಂದುವಿನಲ್ಲಿ, ಅದಕ್ಕೇ ಹೀಗೆ. ರ ತಳವನ್ನು ಎತ್ತರದ ನೂರರಲ್ಲಿ ಎರಡು ಪಾಲಿನಷ್ಟು ಕೆಳಗೆ ಇಳಿಸಿದ ಕೂಡಲೇ ಎರಡೂ ಒಂದೇ ನೆಲದ ಮೇಲೆ ನಿಂತವು. ಆಮೇಲೆ ಸುತ್ತ ಒಂದು ವೃತ್ತ ಹಾಕಿ ನಡುವೆ ತರುವ ಬಟನ್ ಒತ್ತಿದರೆ, ಅಕ್ಷರಗಳು ಎಡಕ್ಕೆ ಕೆಳಗೆ ಜರುಗಿದ ಹಾಗೆ ಕಂಡವು. ನಮ್ಮ ತಲೆಕಟ್ಟಿನ ಕೊನೆ ಬಲಕ್ಕೆ ಮೇಲೆ ಚಿಮ್ಮುತ್ತದಲ್ಲ, ತಂತ್ರಾಂಶ ಆ ಬಾಲವನ್ನೂ ಅಳತೆಗೆ ಸೇರಿಸುತ್ತದೆ. ಕಣ್ಣು ದಪ್ಪ ಮೈಯನ್ನು ಮಾತ್ರ ನೋಡುತ್ತದೆ. ಕೈಯಲ್ಲೇ ಸ್ವಲ್ಪ ಬಲಕ್ಕೆ, ಸ್ವಲ್ಪ ಮೇಲಕ್ಕೆ ಸರಿಸಿದೆವು. ಕಾಗದವನ್ನು ತಲೆಕೆಳಗೆ ಹಿಡಿದು ನೋಡಿದರೆ ಯಾವ ಕಡೆ ವಾಲಿದೆ ಅಂತ ಬೇಗ ಗೊತ್ತಾಗುತ್ತದೆ, ಆಗ ಅಕ್ಷರ ಓದುವುದು ನಿಂತು ಆಕಾರ ಮಾತ್ರ ಕಾಣುತ್ತದೆ.

ಇಷ್ಟೂ ಕೆಲಸ ಕಪ್ಪಿನಲ್ಲೇ ಮಾಡಿದೆವು. ಕಪ್ಪಿನಲ್ಲಿ ಚೆನ್ನಾಗಿಲ್ಲದ ಲೋಗೋವನ್ನು ಬಣ್ಣ ಕಾಪಾಡುವುದಿಲ್ಲ. ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ 12, 20, 40 ಮಿಲಿಮೀಟರ್‌ನಲ್ಲಿ ತೆಗೆಸಿ, ಆ ಪ್ರತಿಯಿಂದ ಇನ್ನೊಂದು ಪ್ರತಿ ತೆಗೆಸಿದೆ. ಎರಡನೇ ಪ್ರತಿಯಲ್ಲೂ ಸಂದು ತೆರೆದೇ ಇತ್ತು. ಹಾಲಿನವನಿಗೆ ತೋರಿಸಿ ಏನು ಬರೆದಿದೆ ಅಂತ ಕೇಳಿದೆ. "ಗ, ರ" ಅಂದ, ತಡವರಿಸದೆ.

ಬಣ್ಣ ಆರಿಸಿದ್ದು ಕೊನೆಯಲ್ಲಿ: ಡಿಕಾಕ್ಷನ್‌ನಂಥ ಗಾಢ ಕಂದು. ಫೋನಿನಲ್ಲಿ ತೋರಿಸಿ "ಇದೇ ಬಣ್ಣ" ಅನ್ನಬೇಡಿ, ಪ್ರತಿ ಪರದೆಯಲ್ಲೂ ಅದು ಬೇರೆ. ಅಂಗಡಿಯ ಶೇಡ್ ಕಾರ್ಡ್‌ನಿಂದ ನಂಬರ್ ಬರೆದುಕೊಳ್ಳಿ, ನಿಮ್ಮದೇ ಡಬ್ಬಿಯ ಮೇಲೆ ಒಂದು ಮಾದರಿ ಹಾಕಿಸಿ, ಒಣಗಿದ ಮೇಲೆ ಬೆಳಕಿನಲ್ಲಿ ನೋಡಿ. ಒಂದೇ ಬಣ್ಣ ಆದ್ದರಿಂದ ಜಾಲರಿಯೂ ಒಂದೇ, ಎರಡನೇ ಸಲ ಡಬ್ಬಿಗೆ ಖರ್ಚೂ ಕಡಿಮೆ ಬಿತ್ತು.

ನೀವು ಡಿಸೈನರ್ ಹತ್ತಿರವೇ ಮಾಡಿಸುವುದಾದರೆ ಮುಂಗಡ ಕೊಡುವಾಗಲೇ ಮೆಸೇಜ್‌ನಲ್ಲಿ ಬರೆದು ಒಪ್ಪಿಸಿಕೊಳ್ಳಿ: ಎಸ್‌ವಿಜಿ ಅನ್ನುವ ವೆಕ್ಟರ್ ಫೈಲ್ ಮತ್ತು ವೆಕ್ಟರ್ ಪಿಡಿಎಫ್, ಅಕ್ಷರಗಳೆಲ್ಲ ಆಕಾರವಾಗಿ ಬದಲಾಗಿರಬೇಕು, ಪೂರ್ತಿ ಕಪ್ಪಿನದೊಂದು, ಪೂರ್ತಿ ಬಿಳಿಯದೊಂದು, ನೆರಳು ಹೊಳಪು ಬೇಡ, 12 ಮಿಲಿಮೀಟರ್‌ನಲ್ಲಿ ಓದಲು ಬರಬೇಕು. ಇದಕ್ಕೆ ಹಿಂದೆಮುಂದೆ ನೋಡುವವರ ಹತ್ತಿರ ಹೋಗಬೇಡಿ.

ಹಳೆಯ ಡಬ್ಬಿ ಇನ್ನೂರಕ್ಕೂ ಹೆಚ್ಚು ಉಳಿದಿವೆ. ಮುಚ್ಚಳದ ಲೋಗೋ ಮುಚ್ಚುವಷ್ಟು ದೊಡ್ಡ ಬಿಳಿ ಸ್ಟಿಕ್ಕರ್ ಮಾಡಿಸಿ, ಅದರ ಮೇಲೆ ಹೊಸ ಗ–ರ ಹಾಕಿಸಿದ್ದೇವೆ. ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಅಮ್ಮ ದಿನಕ್ಕೆ ಹತ್ತರಂತೆ ಅಂಟಿಸುತ್ತಿದ್ದಾರೆ.