ತೊಗರಿ ನಲ್ವತ್ತು ಚೀಲ ಅಂತ ಓದೋಕೆ ಎಷ್ಟು ದೊಡ್ಡ ಮಾಡೆಲ್ ಬೇಕು?

ರಾಯಚೂರಿನ ಗಂಜ್‌ನಲ್ಲಿ ನಮ್ಮ ಮಾವನವರ ಅಡತಿ ಅಂಗಡಿ ಇದೆ. ಸುಗ್ಗಿ ಬಂತೆಂದರೆ ರೈತರ ವಾಟ್ಸಾಪ್ ಮೆಸೇಜುಗಳು ಸಾಲುಗಟ್ಟಿ ಬರುತ್ತವೆ. ಯಾವ ದಿನ, ಯಾವ ಮಾಲು, ಎಷ್ಟು ಅಂತ ಗುಮಾಸ್ತರು ಒಂದೊಂದೇ ಓದಿ ಪಟ್ಟಿಗೆ ಹಾಕಬೇಕು. ಈ ಕೆಲಸವನ್ನು ಎಐ ಭಾಷಾ ಮಾಡೆಲ್‌ಗೆ ಒಪ್ಪಿಸೋಣ ಅಂತ ಹೊರಟಾಗ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ದುಬಾರಿಯಾದ ದೊಡ್ಡದು, ಇನ್ನೊಂದು ಅದೇ ಬಗೆಯ ಅಗ್ಗದ ಚಿಕ್ಕದು, ಮೂರನೆಯದು ನನ್ನ ಲ್ಯಾಪ್‌ಟಾಪಿನಲ್ಲೇ ಓಡುವ ಎಂಟು ಬಿಲಿಯನ್ ಪ್ಯಾರಾಮೀಟರ್ ಅಳತೆಯದು. ಹೆಸರು ಹೇಳಿ ಉಪಯೋಗವಿಲ್ಲ, ಆರು ತಿಂಗಳಿಗೆ ಬದಲಾಗುತ್ತವೆ.

ಪರೀಕ್ಷೆಗೆ ಹಳೆಯ ಮೆಸೇಜುಗಳಿಂದ 120 ಆರಿಸಿದೆ. ಸರಿ ಉತ್ತರ ಬರೆದವರು ಗುಮಾಸ್ತರೇ. ಸಲೀಸಾದವನ್ನೇ ಆರಿಸಿದರೆ ಮೂರೂ ಪಾಸಾಗುತ್ತವೆ, ಆದ್ದರಿಂದ ತೊಡಕಿನವನ್ನು ಬೇಕಂತಲೇ ಜಾಸ್ತಿ ಸೇರಿಸಿದೆ. ಇಂಥದ್ದು:

«ಅಣ್ಣಾ, ನಾಡಿದ್ದು ದೇವದುರ್ಗದಿಂದ ಗಾಡಿ ಬರ್ತದ. ತೊಗರಿ ನಲ್ವತ್ತು ಚೀಲ, ಹತ್ತಿ ಹತ್ತಿಪ್ಪತ್ತು ಕ್ವಿಂಟಲ್ ಆಗಬಹುದು. ಮೆಣಸಿನಕಾಯಿ ಇನ್ನ ಒಣಗಿಲ್ಲ, ಈ ಸಲ ತರಂಗಿಲ್ಲ.»

ದೊಡ್ಡದು ಇದನ್ನು ಸರಿಯಾಗಿ ಓದಿತು. ಅಗ್ಗದ್ದು ತಾರೀಖನ್ನು ಒಂದು ದಿನ ಹಿಂದೆ ಹಾಕಿತು. ಲ್ಯಾಪ್‌ಟಾಪಿನದು ಹತ್ತಿಯನ್ನು ಹತ್ತೇ ಕ್ವಿಂಟಲ್ ಮಾಡಿ, ಮೆಣಸಿನಕಾಯಿಯನ್ನೂ ಬರುವ ಮಾಲಿನ ಪಟ್ಟಿಗೆ ಸೇರಿಸಿತು!

ಒಟ್ಟು ಲೆಕ್ಕ: ದೊಡ್ಡದು 5 ಮೆಸೇಜಿನಲ್ಲಿ ತಪ್ಪಿತು, ಅಗ್ಗದ್ದು 13ರಲ್ಲಿ, ಲ್ಯಾಪ್‌ಟಾಪಿನದು 31ರಲ್ಲಿ. ಇಷ್ಟನ್ನೇ ನೋಡಿ ದೊಡ್ಡದನ್ನು ಕೊಂಡುಬಿಡಬಹುದಿತ್ತು. ಆದರೆ ತಪ್ಪುಗಳನ್ನು ಬಿಡಿಸಿ ನೋಡಿದರೆ ಕಥೆ ಬೇರೆ. ಲ್ಯಾಪ್‌ಟಾಪಿನದರ 31ರಲ್ಲಿ 14 ತಾರೀಖಿನವು, 9 ‘ಒಂದೂವರೆ’, ‘ಮುಕ್ಕಾಲು’, ‘ಹತ್ತಿಪ್ಪತ್ತು’ ಥರದ ಪ್ರಮಾಣದವು, 6 ‘ತರಂಗಿಲ್ಲ’, ‘ಬ್ಯಾಡ’ ಅನ್ನೋದು ತಿಳಿಯದೆ ಆದವು. ಉಳಿದ ಎರಡು ಬಿಡಿ. ಅಗ್ಗದ್ದರ 13ರಲ್ಲೂ ಮುಕ್ಕಾಲುಪಾಲು ತಾರೀಖು ಮತ್ತು ಪ್ರಮಾಣದ್ದೇ. ಅಂದರೆ ಮೆಸೇಜನ್ನು ಓದಿದ್ದು ಬಹುತೇಕ ಸರಿ, ಲೆಕ್ಕ ಹಾಕುವಾಗ ಎಡವಿದ್ದು.

ಲೆಕ್ಕ ಹಾಕುವ ಕೆಲಸ ಮಾಡೆಲ್‌ಗೆ ಯಾಕೆ ಬೇಕು? ಪ್ರಾಂಪ್ಟ್ ಬದಲಿಸಿ, ರೈತ ಬರೆದ ಪದವನ್ನು ಹಾಗೇ ಎತ್ತಿ ಕೊಡು, ಏನನ್ನೂ ತಿರುಗಿಸಬೇಡ ಅಂದೆ:

```
{"ದಿನ": "ನಾಡಿದ್ದು", "ಮಾಲು": "ಹತ್ತಿ",
 "ಪ್ರಮಾಣ": "ಹತ್ತಿಪ್ಪತ್ತು ಕ್ವಿಂಟಲ್"}
```

ನಾಡಿದ್ದು ಅಂದರೆ ಎರಡು ದಿನ ಕೂಡಿಸು, ಒಂದೂವರೆ ಅಂದರೆ 1.5, ಹತ್ತಿಪ್ಪತ್ತು ಅಂದರೆ 10ರಿಂದ 20 ಅಂತ ಒಂದು ಸಣ್ಣ ಪಟ್ಟಿ ಕೋಡ್‌ನಲ್ಲಿದೆ. ದಿನವನ್ನು ಎಣಿಸುವುದು ಮೆಸೇಜ್ ಬಂದ ಹೊತ್ತಿನಿಂದ, ನಾವು ಓದಿದ ಹೊತ್ತಿನಿಂದಲ್ಲ. ಪಟ್ಟಿಯಲ್ಲಿಲ್ಲದ ಪದ ಬಂದರೆ ಕೋಡ್ ಊಹೆ ಮಾಡುವುದಿಲ್ಲ, ಗುಮಾಸ್ತರ ಮುಂದಿಡುತ್ತದೆ.

ಅದೇ 120ರ ಮೇಲೆ ಮತ್ತೆ ಓಡಿಸಿದರೆ ಅಂಕ ಚೆನ್ನಾಗಿ ಬರುವುದು ಸಹಜ, ಅದನ್ನು ನೋಡಿಯೇ ತಿದ್ದಿದ್ದಲ್ವಾ? ಅದಕ್ಕೆ ಹಿಂದೆ ಮುಟ್ಟದೇ ಇಟ್ಟಿದ್ದ 60 ಮೆಸೇಜ್ ತೆಗೆದೆ. ದೊಡ್ಡದು 2ರಲ್ಲಿ ತಪ್ಪಿತು, ಅಗ್ಗದ್ದು 3ರಲ್ಲಿ, ಲ್ಯಾಪ್‌ಟಾಪಿನದು 6ರಲ್ಲಿ. ಅರವತ್ತರಲ್ಲಿ ಎರಡು, ಮೂರು ಅನ್ನೋದು ಅಂತರವೇ ಅಲ್ಲ, ಬೇರೆ ಅರವತ್ತು ಕೊಟ್ಟರೆ ಅದಲುಬದಲಾಗಬಹುದು. ಎರಡರ ಉತ್ತರ ಬೇರೆಬೇರೆ ಬಂದ ಮೆಸೇಜುಗಳನ್ನಷ್ಟೇ ಕೂತು ಓದಿದೆ. ದೊಡ್ಡದಕ್ಕೆ ಮಾತ್ರ ಗೊತ್ತಾಗುವ ಒಂದು ಬಗೆಯ ಮೆಸೇಜು ಅಂತ ಅಲ್ಲಿ ಕಾಣಲಿಲ್ಲ.

ಲ್ಯಾಪ್‌ಟಾಪಿನದರ ಆರರಲ್ಲಿ ನಾಲ್ಕು ಮಾತ್ರ ಒಂದೇ ಜಾತಿಯವು: ತರುವುದಿಲ್ಲ ಅಂದ ಮಾಲನ್ನು ಬರುತ್ತದೆ ಅಂತ ಬರೆದದ್ದು. ಇದು ಕೆಟ್ಟ ತಪ್ಪು. ಖಾಲಿ ಬಿಟ್ಟರೆ ಗುಮಾಸ್ತರ ಕಣ್ಣಿಗೆ ಬೀಳುತ್ತದೆ. ತುಂಬಿ ಕೊಟ್ಟರೆ ಯಾರೂ ಅನುಮಾನಪಡುವುದಿಲ್ಲ, ಹಮಾಲರನ್ನು ಸುಮ್ನೆ ಕರೆಸಿದಂತಾಗುತ್ತದೆ. ನಿನಗೆ ಎಷ್ಟು ಖಾತ್ರಿ ಅಂತ ಅದನ್ನೇ ಕೇಳಿಯೂ ನೋಡಿದೆ. ತಪ್ಪಿದ್ದಕ್ಕೂ ಸರಿಯಿದ್ದದ್ದಕ್ಕೂ ಒಂದೇ ಧೈರ್ಯ.

ಖರ್ಚಿನ ವಿಷಯದಲ್ಲಿ ಒಂದು ಎಚ್ಚರ. ದರಪಟ್ಟಿಯಲ್ಲಿರುವುದು ಟೋಕನ್ ಲೆಕ್ಕ. ಕನ್ನಡ ಸರಿಯಾಗಿ ಕಲಿಯದ ಮಾಡೆಲ್ ಒಂದು ಪದವನ್ನೇ ಚೂರುಚೂರು ಮಾಡಿ ಎಣಿಸುತ್ತದೆ, ಆಗ ಅಗ್ಗ ಅಂತ ಕಂಡದ್ದು ಅಷ್ಟು ಅಗ್ಗವಲ್ಲ. ನಿಮ್ಮ ಮೆಸೇಜುಗಳನ್ನೇ ಓಡಿಸಿ ಬಿಲ್ ನೋಡಿ. ನನ್ನ ಲೆಕ್ಕದಲ್ಲಿ ಅಗ್ಗದ್ದು ದೊಡ್ಡದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಗೆ ಮುಗಿಯಿತು.

‘ಇಲ್ಲ’, ‘ಬ್ಯಾಡ’ ಇರುವ ಮೆಸೇಜುಗಳನ್ನು ಅಗ್ಗದ್ದಕ್ಕೆ, ಉಳಿದದ್ದನ್ನು ಲ್ಯಾಪ್‌ಟಾಪಿಗೆ ಕಳಿಸುವ ಯೋಚನೆಯೂ ಬಂತು. ದಿನಕ್ಕೆ ಸಾವಿರಾರು ಮೆಸೇಜ್ ಇದ್ದಿದ್ದರೆ ಮಾಡುತ್ತಿದ್ದೆ. ನಮ್ಮಲ್ಲಿ ಇನ್ನೂರು ದಾಟುವುದೇ ಅಪರೂಪ, ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಕಾಯುವವರು ಯಾರು? ಅಂಗಡಿಯಲ್ಲಿ ಈಗ ಅಗ್ಗದ್ದು ಓಡುತ್ತಿದೆ. ಗುಮಾಸ್ತರು ತಿದ್ದಿದ ಪ್ರತಿ ಸಾಲೂ ಮುಂದಿನ ಪರೀಕ್ಷೆಗೆ ಸೇರುತ್ತದೆ. ಹೊಸ ಮಾಡೆಲ್ ಬಂದಾಗ ಅದನ್ನೇ ಓಡಿಸುತ್ತೇನೆ.