ಗೋಡೆ, ಮೊಬೈಲ್, ಒಂದು ಹಾಳೆ: ಅಪ್ಪನ ಕೀಮೊ ದಿನಗಳನ್ನು ಮೂರು ರೀತಿಯಲ್ಲಿ ಬರೆದಿಟ್ಟ ಅನುಭವ

ಅಪ್ಪನಿಗೆ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ಬೆಳಗಾವಿಯಲ್ಲಿ ನಾಲ್ಕು ಸೈಕಲ್ ಕೀಮೊ ಎಂದು ನಿಗದಿಯಾಯಿತು. ಅಪ್ಪ ಇರುವುದು ಗೋಕಾಕದಲ್ಲಿ, ನಾನು ಬೆಳಗಾವಿಯಲ್ಲಿ. ಕೈಗೆ ಬಂದ ಪ್ರೋಟೋಕಾಲ್ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಮೊದಲ ದಿನ ಆಕ್ಸಾಲಿಪ್ಲಾಟಿನ್ ಡ್ರಿಪ್, ಅಂದು ರಾತ್ರಿಯಿಂದ ಕ್ಯಾಪೆಸಿಟಾಬಿನ್ 500 ಮಿಲಿಗ್ರಾಂ ಮಾತ್ರೆ 3-0-3, ಒಟ್ಟು 14 ದಿನ, ಆಮೇಲೆ ಒಂದು ವಾರ ಬಿಡುವು, ಪ್ರತಿ 21 ದಿನಕ್ಕೆ ಹೊಸ ಸೈಕಲ್, ಅದಕ್ಕೆ ಮೊದಲು ರಕ್ತಪರೀಕ್ಷೆ. ಚೀಟಿಯಲ್ಲಿ ದಿನದ ಸಂಖ್ಯೆಗಳಿವೆ, ತಾರೀಖುಗಳಿಲ್ಲ. ಆ ಸಂಖ್ಯೆಗಳನ್ನು ತಾರೀಖುಗಳಾಗಿಸಲು ನಾನು ಮೂರು ದಾರಿ ಹಿಡಿದೆ.

ಮೊದಲು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ಅಮಾವಾಸ್ಯೆ, ಏಕಾದಶಿ ನೋಡಲು ಅಪ್ಪ ದಿನಕ್ಕೆ ಹತ್ತು ಸಲ ಅದರ ಮುಂದೆ ನಿಲ್ಲುತ್ತಾರೆ. ಆದ್ದರಿಂದ ಅದೇ ಸರಿ ಎನಿಸಿತು. 2024ರ ಜೂನ್ 3, ಸೋಮವಾರ ಮೊದಲ ಕೀಮೊ. ಡ್ರಿಪ್‌ಗೆ ಕೆಂಪು ವೃತ್ತ, ಮಾತ್ರೆಗೆ ನೀಲಿ ಗೆರೆ ಹಾಕಿದೆ. ಎರಡು ತಪ್ಪು ಮಾಡಿದೆ.

ಜೂನ್ 3ನ್ನು ಒಂದು ಎಂದು ಎಣಿಸುತ್ತ ಹೋಗಿ ಇಪ್ಪತ್ತೊಂದನೆಯ ಮನೆಗೆ ಮತ್ತೆ ಕೆಂಪು ವೃತ್ತ ಹಾಕಿದ್ದು ಮೊದಲನೆಯ ತಪ್ಪು. ಅದು ಜೂನ್ 23, ಭಾನುವಾರ. ಡೇ ಕೇರ್ ಸಿಸ್ಟರ್ ನೋಡಿದವರೇ, "ಕಾಕಾ, ಸೋಮವಾರ ಶುರುವಾದದ್ದು ಸೋಮವಾರವೇ ಬರಬೇಕು" ಎಂದರು. 21 ದಿನವೆಂದರೆ ಪೂರ್ತಿ ಮೂರು ವಾರ. ಇಪ್ಪತ್ತೊಂದನೆಯ ದಿನ ಹಳೆಯ ಸೈಕಲ್ಲಿನ ಕೊನೆಯ ದಿನ. ಇಪ್ಪತ್ತೆರಡನೆಯದು ಹೊಸ ಸೈಕಲ್ಲಿನ ಮೊದಲ ದಿನ, ಅಂದರೆ ಜೂನ್ 24. ಯಾವ ವಾರ ಎಂದು ನೋಡಿದರೆ ಈ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ.

ಎರಡನೆಯ ತಪ್ಪು ಮಾತ್ರೆಗಳದ್ದು. ನೀಲಿ ಗೆರೆಯನ್ನು ಒಂದರಿಂದ ಹದಿನಾಲ್ಕನೆಯ ದಿನದವರೆಗೆ ಎಳೆದಿದ್ದೆ. ಆದರೆ ಮೊದಲ ದಿನ ಇರುವುದು ರಾತ್ರಿಯ ಸರದಿ ಮಾತ್ರ. ಹಾಗಾಗಿ 14 ದಿನದ 28 ಸರದಿ ಮುಗಿಯುವುದು ಹದಿನೈದನೆಯ ದಿನದ ಬೆಳಿಗ್ಗೆ. ಅಪ್ಪ ನನ್ನ ಗೆರೆಯನ್ನು ನಂಬಿ ಹದಿನಾಲ್ಕನೆಯ ದಿನದ ರಾತ್ರಿಯೇ ನಿಲ್ಲಿಸಿದರು. ಹತ್ತರ ಒಂಬತ್ತು ಪಟ್ಟಿ, 90 ಮಾತ್ರೆ ತಂದಿದ್ದೆವು. 84 ಖರ್ಚಾಗಿ 6 ಉಳಿಯಬೇಕಿತ್ತು. 9 ಉಳಿದಿದ್ದವು. ಎಣಿಸಿದ್ದರಿಂದಲೇ ತಿಳಿಯಿತು. ವೈದ್ಯರಿಗೆ ಹೇಳಿದಾಗ, ತಪ್ಪಿದ ಸರದಿಯನ್ನು ಆಮೇಲೆ ಸೇರಿಸಿ ನುಂಗಬಾರದು, ಖಾಲಿ ಉಳಿದದ್ದು ಖಾಲಿಯೇ ಇರಲಿ ಎಂದರು.

ಎರಡನೆಯ ಸೈಕಲ್ ಜೂನ್‌ನಿಂದ ಜುಲೈಗೆ ಚಾಚಿತು. ಜುಲೈ 1ರಂದು ಅಪ್ಪ ವಾಡಿಕೆಯಂತೆ ಹಾಳೆ ತಿರುವಿದರು. ಸೈಕಲ್ಲಿನ ಮೊದಲ ವಾರದ ಗುರುತುಗಳೆಲ್ಲ ಹಿಂದೆ ಹೋದವು, ಅಂದು ಎಷ್ಟನೆಯ ದಿನವೆಂದು ತಿಳಿಯಲು ಹಾಳೆ ಎತ್ತಿ ಎಣಿಸಬೇಕಾಯಿತು. ಕೀಮೊದ ತಿಂಗಳು ಬೇರೆ, ಕ್ಯಾಲೆಂಡರಿನ ತಿಂಗಳು ಬೇರೆ. ಗೋಡೆಯ ಕ್ಯಾಲೆಂಡರನ್ನು ನಾನು ಕೈಬಿಟ್ಟದ್ದು ಅದಕ್ಕೇ.

ಆ ಸೈಕಲ್ಲಿನ ನಡುವೆಯೇ ಮೊಬೈಲ್ ಕ್ಯಾಲೆಂಡರಿಗೆ ಬಂದೆ. 28 ಸರದಿಗಳನ್ನೂ ಒಂದೊಂದಾಗಿ ತುಂಬಿ, ಮೂರು ವಾರಕ್ಕೊಮ್ಮೆ ಮರುಕಳಿಸುವಂತೆ ಇಟ್ಟೆ. ಊಟವಾದ ಅರ್ಧ ಗಂಟೆಯೊಳಗೆ ನುಂಗಬೇಕಾದ ಮಾತ್ರೆ ಅದು. ಆ ಹೊತ್ತಿಗೆ ಸರಿಯಾಗಿ ಅಪ್ಪನ ಫೋನ್ ಬಡಿದುಕೊಳ್ಳುತ್ತಿತ್ತು. ಹೊತ್ತು ತಪ್ಪದಿರುವ ವಿಷಯದಲ್ಲಿ ಮೊಬೈಲನ್ನು ಮೀರಿಸಿದ್ದು ಬೇರೆ ಯಾವುದೂ ಇಲ್ಲ.

ಆದರೆ ಜುಲೈ 13ರ ಶನಿವಾರ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 62 ಸಾವಿರಕ್ಕೆ ಇಳಿದಿತ್ತು. ಸಾಮಾನ್ಯವಾಗಿ 75 ಸಾವಿರಕ್ಕಿಂತ ಕಡಿಮೆಯಿದ್ದರೆ ಈ ಕೀಮೊ ಮುಂದಕ್ಕೆ ಹೋಗುತ್ತದೆ. ಮೂರನೆಯ ಸೈಕಲ್ ಜುಲೈ 15ರ ಬದಲು 22ಕ್ಕೆ ಎಂದರು ವೈದ್ಯರು. ಅದು ಫೋನಿಗೆ ಹೇಗೆ ಗೊತ್ತಾಗಬೇಕು? 15ರ ರಾತ್ರಿ "ಮೂರು ಮಾತ್ರೆ" ಎಂದು ಅದು ಕೂಗಿತು. ನಾನು ಯಾಕೋ ತಡೆಯಲಾರದೆ ಕರೆ ಮಾಡಿದಾಗ ಅಪ್ಪ ಪಟ್ಟಿಯನ್ನು ಕೈಯಲ್ಲಿ ಹಿಡಿದಿದ್ದರು. ರಕ್ತಕಣಗಳು ಚೇತರಿಸಿಕೊಳ್ಳಲೆಂದು ಕೊಟ್ಟ ವಾರದಲ್ಲಿ ಅದೇ ಮಾತ್ರೆ ಹೊಟ್ಟೆ ಸೇರುವುದಿತ್ತು. ಆ ರಾತ್ರಿಯನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಕೀಮೊ ತಾನಾಗಿ ಮರುಕಳಿಸುವಂಥದ್ದಲ್ಲ. ಪ್ರತಿ ಸಲವೂ ರಕ್ತದ ವರದಿ ಬಂದ ಮೇಲೆ ಹೊಸದಾಗಿ ಶುರುವಾಗುವಂಥದ್ದು. ಮೊಬೈಲ್ ಬಳಸುವವರು ಒಂದೇ ಸೈಕಲ್ ತುಂಬಬೇಕು, ಮರುಕಳಿಕೆ ಹಾಕಲೇಬಾರದು.

ಮೂರನೆಯದು ಸ್ಪ್ರೆಡ್‌ಶೀಟ್. ಇದರಲ್ಲಿ ತಾರೀಖು ಬರೆಯುವ ಮನೆ ಒಂದೇ, B2. ಅಲ್ಲಿ ಮೊದಲ ದಿನದ ತಾರೀಖು ಕೊಟ್ಟರೆ ಉಳಿದ ಇಪ್ಪತ್ತು ದಿನಗಳೂ ಅದನ್ನು ಹಿಡಿದು ಬರುತ್ತವೆ. A ಕಾಲಂನಲ್ಲಿ ದಿನದ ಸಂಖ್ಯೆ, B ಯಲ್ಲಿ ತಾರೀಖು, C ಯಲ್ಲಿ ವಾರ:

```
B5: =$B$2+A5-1
C5: =TEXT(B5,"ddd")
```

ಆ `-1` ಇರಲೇಬೇಕು; ಇಲ್ಲದಿದ್ದರೆ ಮೊದಲ ದಿನವೇ ಮಂಗಳವಾರಕ್ಕೆ ಜಾರುತ್ತದೆ. ವಾರದ ಕಾಲಂ ಕೂಡ ಬೇಕು. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಪ್ರಯೋಗಕ್ಕೆಂದು `3/6/2024` ಎಂದು ಹೊಡೆದಾಗ ಅದು ಮಾರ್ಚ್ 6 ಎಂದು ಓದಿಕೊಂಡಿತು. ಸೋಮವಾರದ ಜಾಗದಲ್ಲಿ ಬುಧವಾರ ಕಂಡದ್ದರಿಂದ ಗೊತ್ತಾಯಿತು. ಅಂದಿನಿಂದ `2024-06-03` ಎಂದೇ ಬರೆಯುತ್ತೇನೆ.

ಅಚ್ಚು ಹಾಕಿಸುವಾಗ ಅದನ್ನು ಏಳು ಮನೆಗಳ ಮೂರು ಸಾಲಾಗಿ ಜೋಡಿಸಿದೆ. ಒಂದು ಸೈಕಲ್, ಒಂದು ಹಾಳೆ. ಮೇಲೆ ಎಡಗಡೆಯ ಮೂಲೆಯಲ್ಲಿ ಡ್ರಿಪ್. ಅದರಿಂದ ಎರಡು ಮನೆ ಕೆಳಗೆ, ಹದಿನೈದನೆಯ ದಿನದಲ್ಲಿ, "ಬೆಳಿಗ್ಗೆ ಮಾತ್ರ, ಇಲ್ಲಿಗೆ ಮುಗಿಯಿತು". ಎರಡು ಮತ್ತು ಮೂರನೆಯ ದಿನ ವಾಂತಿ ತಡೆಯುವ ಆಂಡನ್‌ಸೆಟ್ರಾನ್, ಡೆಕ್ಸಾಮೆಥಸೋನ್. ಮೊದಲ ಐದು ಮನೆಗಳಿಗೆ ಬೂದು ಬಣ್ಣ ತುಂಬಿ "ತಣ್ಣೀರು ಬೇಡ" ಎಂದು ಬರೆದೆ. ಆಕ್ಸಾಲಿಪ್ಲಾಟಿನ್ ಆದ ಮೇಲೆ ತಂಪು ತಾಗಿದರೆ ಬೆರಳು, ಗಂಟಲು ಜುಮ್ಮೆನ್ನುತ್ತವೆ. ಅಪ್ಪನಿಗೋ ನಸುಕಿನಲ್ಲಿ ತಣ್ಣೀರ ಸ್ನಾನದ ರೂಢಿ. ರಕ್ತಪರೀಕ್ಷೆಯನ್ನು ಇಪ್ಪತ್ತನೆಯ ದಿನಕ್ಕೆ ಇಟ್ಟೆ, ಏಕೆಂದರೆ ಇಪ್ಪತ್ತೊಂದನೆಯದು ಭಾನುವಾರ, ನಮ್ಮ ಲ್ಯಾಬ್ ಮುಚ್ಚಿರುತ್ತದೆ.

ಭೇದಿಗೆ ಕೊಟ್ಟ ಲೋಪೆರಮೈಡನ್ನು ಯಾವ ಮನೆಯಲ್ಲೂ ಬರೆಯಲಿಲ್ಲ. ಅದು ಬೇಕಾದಾಗ ಮಾತ್ರ ತೆಗೆದುಕೊಳ್ಳುವ ಮಾತ್ರೆ. ಮನೆಯಲ್ಲಿ ಬರೆದರೆ ಅಪ್ಪ ಭೇದಿ ಇಲ್ಲದಿದ್ದರೂ ನುಂಗಿಬಿಡುತ್ತಾರೆ. ಅದನ್ನು ಹಾಳೆಯ ಕೆಳಗೆ ಬರೆದೆ. ಅದರ ಪಕ್ಕದಲ್ಲಿ ಜ್ವರ 100.4 ದಾಟಿದರೆ ಹೊತ್ತು ನೋಡದೆ ಆಸ್ಪತ್ರೆಗೆ ಎಂದು ದಪ್ಪಕ್ಷರದಲ್ಲಿ.

ಸೈಕಲ್ ಮುಂದಕ್ಕೆ ಹೋದರೆ ಈ ಹಾಳೆಗೆ ಕಷ್ಟವಿಲ್ಲ. B2 ನಲ್ಲಿ ಜುಲೈ 22 ಎಂದು ಬದಲಿಸಿದೆ, ಇಡೀ ಹಾಳೆ ಸರಿಯಿತು. ಅದಕ್ಕೆ 21 ದಿನ ಸೇರಿಸಿದಾಗ ನಾಲ್ಕನೆಯ ಸೈಕಲ್ ಆಗಸ್ಟ್ 12ಕ್ಕೆ ಬಂತು. ಅದನ್ನು ಮಾತ್ರ ಅಚ್ಚು ಹಾಕಿಸಲಿಲ್ಲ. ವರದಿ ಬಂದು ವೈದ್ಯರು ಹೂಂ ಎನ್ನುವವರೆಗೆ ಮುಂದಿನ ಸೈಕಲ್ ಕಾಗದಕ್ಕೆ ಇಳಿಯಬಾರದು, ಹಳೆಯ ಹಾಳೆ ಗೋಡೆಯ ಮೇಲೆ ಉಳಿಯಬಾರದು.

ಹೀಗಾಗಿ ನನ್ನ ಆಯ್ಕೆ ಈ ಹಾಳೆಯೇ, ಜೊತೆಗೆ ಆ ಒಂದು ಸೈಕಲ್ಲಿಗೆ ಮಾತ್ರ ಮೊಬೈಲಿನ ಗಂಟೆ. ಆದರೂ ಹಾಳೆಗೆ ಒಂದು ಕುರುಡು ಇದೆ: ಅದಕ್ಕೆ ತಾರೀಖು ಗೊತ್ತು, ಪ್ರಮಾಣ ಗೊತ್ತಿಲ್ಲ. ಪ್ಲೇಟ್‌ಲೆಟ್ ಇಳಿದದ್ದರಿಂದ ವೈದ್ಯರು ಆಕ್ಸಾಲಿಪ್ಲಾಟಿನ್ ಪ್ರಮಾಣ ತಗ್ಗಿಸಿದರು, ಮಾತ್ರೆಯನ್ನು 3-0-2 ಮಾಡಿದರು. ತಾರೀಖು ಬದಲಾದ ಹಾಳೆಯಲ್ಲಿ ರಾತ್ರಿಗೆ ಇನ್ನೂ 3 ಎಂದೇ ಇತ್ತು. ಹೊಸ ಚೀಟಿ ಪಕ್ಕಕ್ಕಿಟ್ಟು ಮನೆಮನೆಯಾಗಿ ಓದುವಾಗ ಸಿಕ್ಕಿತು. ತಿದ್ದಿ ಲೆಕ್ಕ ಹಾಕಿದೆ: ಬೆಳಿಗ್ಗೆ 14 ಸಲ ಮೂರರಂತೆ 42, ರಾತ್ರಿ 14 ಸಲ ಎರಡರಂತೆ 28, ಒಟ್ಟು 70. ಸರಿಯಾಗಿ ಏಳು ಪಟ್ಟಿ ಎಣಿಸಿ ಡಬ್ಬಿಯಲ್ಲಿಟ್ಟು, ಹಿಂದೆ ಉಳಿದವನ್ನು ಬೆಳಗಾವಿಗೆ ತಂದೆ. ಆಗಸ್ಟ್ 5ರ ಬೆಳಿಗ್ಗೆ ಅಪ್ಪ ಫೋನ್ ಮಾಡಿ, "ಕೊನೆಯ ಮೂರು ನುಂಗಿದೆ, ಡಬ್ಬಿ ಖಾಲಿ" ಎಂದರು.