2,000 ಲೀಟರ್ ಟ್ಯಾಂಕಾ, 1,000 ಲೀಟರ್ ಟ್ಯಾಂಕಾ? ನಮ್ಮ ಮಾಳಿಗೆ ಮೇಲೆ ಎರಡನ್ನೂ ಇಟ್ಟು ನೋಡಿದೆ

ರಾಯಚೂರಿನ ನಮ್ಮ ಮನೆಯಲ್ಲಿ ಆರು ಜನ. ಮೊದಲು ಮಾಳಿಗೆ ಮೇಲೆ 2,000 ಲೀಟರ್ ಟ್ಯಾಂಕ್ ಇತ್ತು. ಅದರ ಬುಡ ಸೀಳಿದ ಮೇಲೆ, ಹೊಸದು ಎಷ್ಟು ದೊಡ್ಡದು ಬೇಕು ಅಂತ ಲೆಕ್ಕ ಹಾಕಿದೆ.

ನಗರದ ಮನೆಗೆ ದಿನಕ್ಕೆ ತಲಾ 135 ಲೀಟರ್ ಅಂತ ಎಂಜಿನಿಯರ್‌ಗಳು ಹಿಡಿಯುತ್ತಾರೆ. ನಮಗೆ 810 ಆಯಿತು. ನಿಜವಾಗಿ ಎಷ್ಟು ಖರ್ಚಾಗುತ್ತದೆ ನೋಡಲು, ಹಳೆ ಟ್ಯಾಂಕ್ ಕೆಲಸ ಮಾಡುತ್ತಿದ್ದಾಗಲೇ ಒಂದು ದಿನ ಮೋಟರ್ ಹಾಕದೆ ನೀರು ಎಷ್ಟು ಇಳಿಯಿತು ಅಂತ ಅಳೆದಿದ್ದೆ. ಅದರ ಅಗಲ 1.35 ಮೀಟರ್. ಅಂದರೆ ನೀರು 10 ಸೆಂಟಿಮೀಟರ್ ಇಳಿದರೆ ಸುಮಾರು 143 ಲೀಟರ್ ಹೋಯಿತು ಅಂತ ಅರ್ಥ. ಚಳಿಗಾಲದಲ್ಲಿ 42 ಸೆಂಟಿಮೀಟರ್ ಇಳಿಯಿತು, ಅಂದರೆ 600 ಲೀಟರ್. ಮೇ ತಿಂಗಳಲ್ಲಿ ಕೂಲರ್, ಎರಡು ಸಲ ಸ್ನಾನ ಎಲ್ಲ ಸೇರಿ 50, ಅಂದರೆ 715 ಲೀಟರ್.

ಕೆಳಗೆ ಸಂಪು ಇದೆ. ಹಾಗಾಗಿ ಮೇಲೆ ಒಂದು ದಿನದ ನೀರಿದ್ದರೆ ಸಾಕು. 1,000 ತಂದೆ. ಸಂಪು ಇಲ್ಲದೆ, ನಲ್ಲಿ ನೀರು ಎರಡು ದಿನಕ್ಕೊಮ್ಮೆ ಬರುವ ಮನೆಗೆ ನಾನು 2,000ವನ್ನೇ ಹೇಳುತ್ತೇನೆ.

ಬೇಸಿಗೆಯಲ್ಲಿ ವ್ಯತ್ಯಾಸ ಗೊತ್ತಾಯಿತು. ದೊಡ್ಡದರಲ್ಲಿ ಮೂರು ದಿನದ ನೀರು ಕಾದು ಕಾದು, ರಾತ್ರಿಯೂ ಕೈಗೆ ಬಿಸಿ ಹತ್ತುತ್ತಿತ್ತು. ಈಗ ಸಂಜೆ ಸಂಪಿನ ತಣ್ಣೀರು ಏರಿಸಿದರೆ ಸ್ನಾನಕ್ಕೆ ಹಿತ. ಮಧ್ಯಾಹ್ನ ಮಾತ್ರ ಚಿಕ್ಕದೇ ಬೇಗ ಕಾಯುತ್ತದೆ, ಸುಳ್ಳು ಯಾಕೆ ಹೇಳಲಿ.

ಆದರೆ ಹಳೆಯದು ನಮ್ಮನ್ನು ಜಾಸ್ತಿ ಕಾಡಿದ್ದು ಪೈಪುಗಳಿಂದ. ಮೋಟರ್ ಪೈಪನ್ನು ಪ್ಲಂಬರ್ ಟ್ಯಾಂಕಿನ ನಡುಮಟ್ಟಕ್ಕೆ ಕೂಡಿಸಿದ್ದ. ಸಂಪಿನೊಳಗಿನ ಫುಟ್ ವಾಲ್ವ್ ಸೋರಲು ಶುರುವಾದ ಮೇಲೆ, ರಾತ್ರಿ ತುಂಬಿಸಿದ ಟ್ಯಾಂಕ್ ಬೆಳಿಗ್ಗೆ ಅರ್ಧ! ನೀರು ಬಂದ ದಾರಿಯಲ್ಲೇ ಸಂಪಿಗೆ ವಾಪಸ್. ಸರಿಯಾಗಿ ಪೈಪಿನ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು, ಅದರಿಂದಲೇ ಗುಟ್ಟು ತಿಳಿಯಿತು. ಓವರ್‌ಫ್ಲೋ ಪೈಪ್ ಒಂದಿಂಚಿನದು, ಮೋಟರಿನಷ್ಟೇ. ಮೋಟರ್ ನೀರನ್ನು ಒತ್ತಿ ತಳ್ಳುತ್ತದೆ, ಓವರ್‌ಫ್ಲೋ ಮಾತ್ರ ಸುಮ್ನೆ ಹರಿಯಬೇಕು, ಅಲ್ವಾ? ಮೋಟರ್ ಆರಿಸುವುದು ಮರೆತ ದಿನ ನೀರು ಮುಚ್ಚಳದಿಂದ ಉಕ್ಕಿ ಗೋಡೆ ನೆನೆಯಿತು.

ಹೊಸದರಲ್ಲಿ ಮೋಟರ್ ಪೈಪ್ ಎಲ್ಲಕ್ಕಿಂತ ಮೇಲೆ. ಅದಕ್ಕಿಂತ ಎರಡಿಂಚು ಕೆಳಗೆ ಓವರ್‌ಫ್ಲೋ, ಎರಡಿಂಚಿನ ಪೈಪ್, ಬಾಯಿಗೆ ಸೊಳ್ಳೆ ಪರದೆ. ಓವರ್‌ಫ್ಲೋ ಕೆಳಗಿರುವುದರಿಂದ ಮೋಟರ್ ಪೈಪಿನ ಬಾಯಿ ನೀರಲ್ಲಿ ಮುಳುಗುವುದೇ ಇಲ್ಲ, ಫುಟ್ ವಾಲ್ವ್ ಕೆಟ್ಟರೂ ಟ್ಯಾಂಕಿನ ನೀರು ಹಿಂದೆ ಹೋಗುವುದಿಲ್ಲ. ಮನೆಗೆ ಇಳಿಯುವ ಪೈಪ್ ಎದುರು ಬದಿಯಲ್ಲಿ, ತಳದಿಂದ ಮೂರಿಂಚು ಮೇಲೆ. ಮಳೆಗಾಲದ ಕೆಂಪು ರಾಡಿ ಅಡಿಯಲ್ಲೇ ಕೂರುತ್ತದೆ. ಅದನ್ನು ತೊಳೆದು ಬಿಡಲು ತೀರಾ ತಳದಲ್ಲಿ ಬೇರೆ ಒಂದು ವಾಲ್ವ್ ಇದೆ.

ಆ ಮೂರಿಂಚಿನಲ್ಲಿ ಸುಮಾರು 70 ಲೀಟರ್ ಉಳಿದುಬಿಡುತ್ತದೆ, ಮೇಲೆ ಓವರ್‌ಫ್ಲೋ ಸ್ವಲ್ಪ ಕಡಿಮೆ ಮಾಡುತ್ತದೆ. ಕೈಗೆ ಸಿಗುವುದು 900ರ ಆಸುಪಾಸು. ಮೇ ತಿಂಗಳ 715ಕ್ಕೆ ಸಾಕಾಗುತ್ತದೆ. ನೆಂಟರು ಬಂದ ದಿನ ಮಾತ್ರ ಮಧ್ಯಾಹ್ನ ಮತ್ತೊಮ್ಮೆ ಮೋಟರ್ ಹಾಕಬೇಕು.